ಶೀಟು ಗೋಡೆಗೆ ಕೂಡುವ ಕಡೆ ಸೋರಿದರೆ: ಸಿಲಿಕೋನ್, ಬ್ಯೂಟೈಲ್, ಡಾಂಬರು ಯಾವುದು ಎಲ್ಲಿಗೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಈಗ ಬಹಳಷ್ಟು ಮನೆಗಳ ರೂಪ ಒಂದೇ ಥರ ಇದೆ. ಹಿಂದೆ ಆರ್‌ಸಿಸಿ ಸ್ಲ್ಯಾಬಿನ ಎರಡು ಮೂರು ಕೋಣೆ, ಮುಂದೆ ಗಾಡಿ ನಿಲ್ಲಿಸಲು ಮತ್ತು ಸುಗ್ಗಿಯಲ್ಲಿ ಚೀಲ ಇಳಿಸಲು ತಗಡಿನ ಶೀಟು ಹೊದಿಸಿದ ಜಾಗ. ಇಂಥ ಮನೆ ಸೋರುವುದು ಸಾಮಾನ್ಯವಾಗಿ ಸ್ಲ್ಯಾಬಿನ ನಡುವೆ ಅಲ್ಲ, ಶೀಟಿನ ನಡುವೆಯೂ ಅಲ್ಲ. ಎರಡೂ ಕೂಡುವ ಗೆರೆಯಲ್ಲಿ, ಇಲ್ಲವೇ ಮೇಲೆ ಕುಂಬಿಯ ಬುಡದಲ್ಲಿ. ಮಿರಗ ಕೂಡುವ ಹೊತ್ತಿಗೆ ಗೌಂಡಿಯನ್ನು ಕರೆಸಿ ಅಲ್ಲಿ ಸಿಮೆಂಟ್ ಮೆತ್ತಿಸುತ್ತಾರೆ. ಮುಂದಿನ ವರ್ಷ ಅದರ ಮೇಲೆ ಡಾಂಬರು ಬಳಿಸುತ್ತಾರೆ. ಅದರ ಮುಂದಿನ ವರ್ಷ ಅಂಗಡಿಯವನು ಕೊಟ್ಟ ಸಿಲಿಕೋನ್ ಟ್ಯೂಬನ್ನು ಡಾಂಬರಿನ ಮೇಲೆ ಹಿಂಡುತ್ತಾರೆ. ಮೂರೂ ನಿಲ್ಲುವುದಿಲ್ಲ. ಮಾಲು ಕೆಟ್ಟದ್ದು ಅನ್ನುವುದಕ್ಕಿಂತ, ತಾನು ಇರಬೇಕಾದ ಜಾಗದಲ್ಲಿ ಅದು ಇಲ್ಲ ಅನ್ನುವುದೇ ಹೆಚ್ಚು ಸಲ ಕಾರಣ.

ಸಿಂಧನೂರಿನ ಇಂಥದೇ ಒಂದು ಮನೆಯನ್ನು ಹಿಡಿದುಕೊಂಡು ಹೇಳುತ್ತೇನೆ. ಮುಂದಿನ ಶೀಟಿನ ಅಗಲ ಗೋಡೆಗುಂಟ 15 ಅಡಿ, ಉದ್ದ ಗೋಡೆಯಿಂದ ಬೀದಿಯ ಕಡೆಗೆ 20 ಅಡಿ, ಜಿಂಕ್ ಲೇಪದ ತಗಡು. ಗೋಡೆಯ ಕಡೆ ಎರಡು ಪದರ ಸಿಮೆಂಟು, ಅದರ ಮೇಲೆ ಡಾಂಬರು. ಮನೆಯೊಡತಿಯದು ಒಂದೇ ಮಾತು: "ತಮ್ಮಾ, ಪ್ರತಿ ವರ್ಷ ರೊಕ್ಕ ಹಾಕ್ತೀವಿ, ಪ್ರತಿ ವರ್ಷ ಅದೇ ಜಾಗಾದಾಗ ಬುಟ್ಟಿ ಇಡ್ತೀವಿ."

ಮೊದಲು ಬಿಸಿಲಿನ ಲೆಕ್ಕ

ಈ ಸೀಮೆಯಲ್ಲಿ ಬೇಸಿಗೆಯ ಗಾಳಿಯೇ 42–43 ಡಿಗ್ರಿ ದಾಟುತ್ತದೆ. ಅಂಥ ಮಧ್ಯಾಹ್ನ ತಗಡಿನ ಮೈ 65ರಿಂದ 70 ಡಿಗ್ರಿಗೆ ಏರುತ್ತದೆ, ಬೆಳಗಿನ ಜಾವಕ್ಕೆ 25ರ ಹತ್ತಿರ ಇಳಿಯುತ್ತದೆ. ಅಂದರೆ ಒಂದೇ ದಿನದಲ್ಲಿ 45 ಡಿಗ್ರಿ ವ್ಯತ್ಯಾಸ. ಒಂದು ಮೀಟರ್ ಉಕ್ಕು ಪ್ರತಿ ಡಿಗ್ರಿಗೆ 0.012 ಮಿಲಿಮೀಟರ್ ಹಿಗ್ಗುತ್ತದೆ. 20 ಅಡಿ ಶೀಟು ಸುಮಾರು 6 ಮೀಟರ್. ಗುಣಿಸಿದರೆ ದಿನಕ್ಕೆ 3 ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುವ ತಗಡು ಅದು. ಗೋಡೆ ದಪ್ಪ, ನಿಧಾನಕ್ಕೆ ಕಾಯುತ್ತದೆ, ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಸ್ಕ್ರೂಗಳು ಶೀಟನ್ನು ಸ್ವಲ್ಪ ಹಿಡಿದಿಟ್ಟರೂ ಉಳಿದ ಎಳೆತವೆಲ್ಲ ಈ ಗೆರೆಯ ಮೇಲೆ ಬೀಳುತ್ತದೆ.

ಸಿಮೆಂಟಿಗೆ ಜಗ್ಗುವ ಗುಣವೇ ಇಲ್ಲ. ಮೊದಲ ಬೇಸಿಗೆಯಲ್ಲೇ ಕೂದಲೆಳೆಯ ಬಿರುಕು ಬಿಡುತ್ತದೆ, ಮೊದಲ ಮಳೆಗೆ ನೀರು ಒಳಗೆ. ಒಳ್ಳೆಯ ಸಿಲಿಕೋನ್ ಕೂಡ ತನ್ನ ಅಗಲದ ಕಾಲು ಭಾಗದಷ್ಟು ಜಗ್ಗಬಲ್ಲದು ಎಂದೇ ಸಾಮಾನ್ಯವಾಗಿ ಲೆಕ್ಕ. 3 ಮಿಲಿಮೀಟರ್ ಚಲನೆ ತಾಳಬೇಕೆಂದರೆ ಪಟ್ಟಿಯ ಅಗಲ 12 ಮಿಲಿಮೀಟರ್ ಇರಬೇಕು. ನಾವು ನೋಡುವ ಮನೆಗಳಲ್ಲಿ ಸಂದಿಗೆ ಹಿಂಡಿರುವುದು 3–4 ಮಿಲಿಮೀಟರಿನ ಎಳೆ. ಅದು ಹರಿಯುವುದೇ ಸಹಜ.

ಇದಕ್ಕೇ ನಾನು ಶೀಟನ್ನು ನೇರವಾಗಿ ಗೋಡೆಗೆ ಅಂಟಿಸುವ ಕೆಲಸಕ್ಕೆ ಒಪ್ಪುವುದಿಲ್ಲ. ನಡುವೆ ಎಲ್ ಆಕಾರದ ತಗಡಿನ ಪಟ್ಟಿ, ಅಂದರೆ ಫ್ಲ್ಯಾಶಿಂಗ್, ಬರಬೇಕು. ಅದರ ಮೇಲಂಚು ಗೋಡೆಯ ಗಾಡಿಯೊಳಗೆ, ಅಂದರೆ ಗೋಡೆಗುಂಟ ಕೊರೆದ ಉದ್ದ ಸೀಳಿನೊಳಗೆ, ಸಿಕ್ಕಿರುತ್ತದೆ, ಕೆಳಗಿನ ರೆಕ್ಕೆ ಶೀಟಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಶೀಟು ಹಿಗ್ಗಿದಾಗ ರೆಕ್ಕೆಯ ಕೆಳಗೆ ಜಾರುತ್ತದೆ. ಅಂಟಿಗೆ ಬರುವ ಕೆಲಸ ಗೋಡೆಯ ಗಾಡಿಯಲ್ಲಿ ಮಾತ್ರ, ಅಲ್ಲಿ ಚಲನೆ ಕಡಿಮೆ.

ಗೋಡೆಯ ಗಾಡಿಗೆ ಸಿಲಿಕೋನ್

ಸಿಂಧನೂರಿನ ಮನೆಯಲ್ಲಿ ಅರ್ಧ ದಿನ ಹೋದದ್ದು ಹಳೆಯದನ್ನು ಕೀಳುವುದಕ್ಕೇ. ಡಾಂಬರು ತಾಗಿದ ಜಾಗಕ್ಕೆ ಸಿಲಿಕೋನ್ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಡಾಂಬರಿನ ಎಣ್ಣೆ ಅದರೊಳಗೆ ಇಳಿದು ಹಳದಿ-ಕಂದು ಬಣ್ಣ ತಿರುಗಿ ಬಿಟ್ಟುಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿದರೆ ಸಾಲದು, ಅದು ಡಾಂಬರನ್ನು ಕರಗಿಸಿ ಗಿಲಾವಿನ ರಂಧ್ರಗಳೊಳಗೆ ಇನ್ನೂ ಆಳಕ್ಕೆ ಇಳಿಸುತ್ತದೆ. ಹಾಗಾಗಿ ಹಳೆಯ ಗೆರೆಯನ್ನು ಬಿಟ್ಟು, ಅದಕ್ಕಿಂತ ನಾಲ್ಕು ಇಂಚು ಮೇಲೆ, ಡಾಂಬರು ಮುಟ್ಟದ ಗೋಡೆಯಲ್ಲಿ ಹೊಸ ಗಾಡಿ ಕೊರೆದೆವು.

ಕಟಿಂಗ್ ಮಷೀನಿನಲ್ಲಿ ಎರಡು ಸಮಾಂತರ ಗೆರೆ ಹಾಕಿ ನಡುವಿನದನ್ನು ಉಳಿಯಿಂದ ಎಬ್ಬಿಸಿದರೆ 10–12 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಆಳದ ಗಾಡಿ ಸಿಗುತ್ತದೆ. ಗಿಲಾವು ಟೊಳ್ಳು ಸದ್ದು ಮಾಡುತ್ತಿದ್ದರೆ ಅಲ್ಲಿ ಕೊರೆಯಬೇಡಿ. ಆ ಭಾಗ ಕೆಡವಿ, ಹೊಸ ಗಿಲಾವು ಹಾಕಿ, ನೀರುಣಿಸಿ, ಪೂರ್ತಿ ಒಣಗುವ ತನಕ ಕಾಯಿರಿ. ಗಾಡಿಯ ಧೂಳನ್ನು ತಂತಿ ಬ್ರಷ್ಷಿನಿಂದ ಕೆದರಿ, ಬ್ಲೋವರ್ ಅಥವಾ ಸೈಕಲ್ ಪಂಪಿನಿಂದ ಊದಿ ತೆಗೆಯಿರಿ. ಇಲ್ಲಿ ಧೂಳಿನ ವಿಷಯ ಸಣ್ಣದಲ್ಲ. ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಕೆಂಪು ಧೂಳು, ಗಿಣಿಗೇರಿಯ ಸುತ್ತ ಕರಿ ಧೂಳು, ಸಿಂಧನೂರು–ಗಂಗಾವತಿ ಕಡೆ ರೈಸ್ ಮಿಲ್ಲಿನ ಹೊಟ್ಟಿನ ಬೂದಿ. ಬೆಳಿಗ್ಗೆ ಒರೆಸಿದ ಜಾಗಕ್ಕೆ ಮಧ್ಯಾಹ್ನ ಬೆರಳಾಡಿಸಿದರೆ ಮತ್ತೆ ಬಣ್ಣ ಹತ್ತುತ್ತದೆ. ಒರೆಸಿದ ಕೂಡಲೇ ಅಂಟು ಹಾಕಬೇಕು.

ಫ್ಲ್ಯಾಶಿಂಗಿನ ಮೇಲಂಚನ್ನು ಗಾಡಿಯೊಳಗೆ ಸಿಕ್ಕಿಸಿ, ಅಲ್ಲಲ್ಲಿ ಸಣ್ಣ ಬೆಣೆ ಕೊಟ್ಟು ಅಲ್ಲಾಡದಂತೆ ನಿಲ್ಲಿಸಿ. ಆಮೇಲೆ ಫೋಮ್ ಹಗ್ಗ ತುರುಕಬೇಕು. ಬೂದು ಬಣ್ಣದ ಸ್ಪಂಜಿನ ಹಗ್ಗ ಇದು, ಬ್ಯಾಕರ್ ರಾಡ್ ಎಂದು ಕೇಳಿದರೆ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಗಾಡಿಗಿಂತ ಸ್ವಲ್ಪ ದಪ್ಪದ್ದು ತನ್ನಿ, ಬಿಗಿಯಾಗಿ ಕೂರಬೇಕು. ಇದು ಬರೀ ಮಾಲು ಉಳಿಸುವುದಕ್ಕಲ್ಲ. ಸಿಲಿಕೋನ್ ಎರಡು ಪಕ್ಕಕ್ಕೆ ಮಾತ್ರ ಅಂಟಿದ್ದರೆ ರಬ್ಬರಿನಂತೆ ಜಗ್ಗುತ್ತದೆ. ಹಿಂಬದಿಗೂ ಅಂಟಿಕೊಂಡರೆ ಮೂರು ಕಡೆಯಿಂದ ಎಳೆತಕ್ಕೆ ಸಿಕ್ಕಿ ನಡುವೆ ಹರಿಯುತ್ತದೆ. ಫೋಮಿಗೆ ಸಿಲಿಕೋನ್ ಗಟ್ಟಿಯಾಗಿ ಅಂಟುವುದಿಲ್ಲ, ಅದೇ ನಮಗೆ ಬೇಕಾದದ್ದು. ಹಗ್ಗ ಕೂರಿಸಿದ ಮೇಲೆ 6 ಮಿಲಿಮೀಟರ್ ಆಳ ಉಳಿಯಲಿ. 10 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಆಳ, 15 ಅಡಿ ಉದ್ದಕ್ಕೆ ಸುಮಾರು 275 ಮಿಲಿಲೀಟರ್ ಮಾಲು ಬೇಕು. ಟ್ಯೂಬು 300 ಮಿಲಿಯ ಆಸುಪಾಸು ಬರುತ್ತದೆ. ಒಂದರಲ್ಲಿ ಮುಗಿಯುವ ಲೆಕ್ಕ, ಆದರೂ ಎರಡು ತನ್ನಿ.

ಯಾವ ಟ್ಯೂಬು ಎಂಬುದರಲ್ಲೇ ಅರ್ಧ ಜನ ಎಡವುವುದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಗಾಜು, ಬಾತ್‌ರೂಮಿನ ಕೆಲಸದ ಸಿಲಿಕೋನ್. ಮೂತಿ ಕತ್ತರಿಸಿದ ಕೂಡಲೇ ವಿನೆಗರಿನಂಥ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ತಗಡಿನ ಜಿಂಕನ್ನು ತಿಂದು ಬಿಳಿ ಪುಡಿ ಎಬ್ಬಿಸುತ್ತದೆ. ಸಿಮೆಂಟಿನ ಸುಣ್ಣದ ಜೊತೆ ಸೇರಿ ಅಂಟಿನ ಕೆಳಗೇ ಒಂದು ಪುಡಿ ಪದರ ಕಟ್ಟುತ್ತದೆ. ನಮ್ಮ ಗಾಡಿಯಲ್ಲಿ ಒಂದು ಕಡೆ ಜಿಂಕು, ಇನ್ನೊಂದು ಕಡೆ ಸಿಮೆಂಟು, ಎರಡಕ್ಕೂ ಅದು ವೈರಿ. ಟ್ಯೂಬಿನ ಮೇಲೆ 'ನ್ಯೂಟ್ರಲ್' ಎಂದು ಬರೆದಿರುವುದನ್ನೇ ಕೇಳಿ. ತಯಾರಾದ ತಾರೀಖನ್ನೂ ನೋಡಿ. ಹೆಚ್ಚಿನವುಗಳ ಆಯುಷ್ಯ ಒಂದು ವರ್ಷ, ನಮ್ಮ ಅಂಗಡಿಗಳ ತಗಡಿನ ಗೋದಾಮಿನ ಕಾವಿಗೆ ಅದಕ್ಕೂ ಮುಂಚೆಯೇ ಗಟ್ಟಿಯಾಗಿರಬಹುದು.

ಗನ್ನನ್ನು ಒಂದೇ ವೇಗದಲ್ಲಿ ನಡೆಸಿ ಗಾಡಿ ತುಂಬಿಸಿ. ಕೂಡಲೇ ಸೋಪು ನೀರಿನಲ್ಲಿ ಅದ್ದಿದ ಚಮಚದ ಬೆನ್ನಿನಿಂದ ಒತ್ತಿ ಎಳೆಯಿರಿ. ಒತ್ತಿದಾಗಲೇ ಅದು ಪಕ್ಕಗಳಿಗೆ ಕಚ್ಚುವುದು. 10–30 ನಿಮಿಷದಲ್ಲಿ ಮೇಲೆ ಸಿಪ್ಪೆ ಕಟ್ಟುತ್ತದೆ, ಆಮೇಲೆ ಮುಟ್ಟಬಾರದು. ಸಿಲಿಕೋನ್ ಒಣಗುವುದು ಬಿಸಿಲಿಗಲ್ಲ, ಗಾಳಿಯ ತೇವಕ್ಕೆ. ದಿನಕ್ಕೆ 2–3 ಮಿಲಿಮೀಟರ್ ಆಳಕ್ಕೆ ಗಟ್ಟಿಯಾಗುತ್ತದೆ. ಏಪ್ರಿಲ್‌ನ ಒಣ ಹವೆಯಲ್ಲಿ ಇನ್ನೂ ತಡ. ಹಾಗಾಗಿ ಫೆಬ್ರವರಿ–ಮಾರ್ಚ್‌ನ ಬೆಳಗಿನ ಎಂಟು ಒಂಬತ್ತರ ಹೊತ್ತು ಒಳ್ಳೆಯದು: ಗೋಡೆ ಒಣಗಿರುತ್ತದೆ, ತಗಡು ಇನ್ನೂ ಕಾದಿರುವುದಿಲ್ಲ, ಸಂಜೆಯ ಸುಂಟರಗಾಳಿಯ ಧೂಳು ಇರುವುದಿಲ್ಲ.

ಹೀಗೆ ಹಾಕಿದ ನ್ಯೂಟ್ರಲ್ ಸಿಲಿಕೋನ್ 10ರಿಂದ 15 ವರ್ಷ ನಿಲ್ಲುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಬಿಸಿಲಿಗೆ ಮೂರರಲ್ಲಿ ಇದೇ ಗಟ್ಟಿ. ಇದರ ದೋಷ ಬೇರೆ: ಮೇಲೆ ಬಣ್ಣ ಹಿಡಿಯುವುದಿಲ್ಲ, ಒಮ್ಮೆ ಹಾಕಿದ ಜಾಗಕ್ಕೆ ಮುಂದೆ ಸಿಮೆಂಟು, ಡಾಂಬರು, ಟೇಪು ಯಾವುದೂ ಹತ್ತುವುದಿಲ್ಲ. ಕೆರೆದರೂ ಎಣ್ಣೆಯಂಥ ಪದರ ಉಳಿಯುತ್ತದೆ. ಅಲ್ಲಿ ಮತ್ತೆ ಹಾಕಬೇಕಾದರೆ ಸಿಲಿಕೋನೇ ಹಾಕಬೇಕು. ಗೋಡೆಗೆ ಸುಣ್ಣ-ಬಣ್ಣ ಮಾಡಿಸುವುದಿದ್ದರೆ ಅದನ್ನು ಮೊದಲೇ ಮುಗಿಸಿ.

ಹಳೆಯ ಸಿಲಿಕೋನ್ ಯಾಕೆ ಸೋತಿತು ಎಂದು ತಿಳಿಯಲು ಒಂದು ತುದಿ ಹಿಡಿದು ಎಳೆಯಿರಿ. ಇಡೀ ಪಟ್ಟಿ ಹಗ್ಗದ ಹಾಗೆ ಶುದ್ಧವಾಗಿ ಎದ್ದು ಬಂದರೆ ಧೂಳು, ತೇವ ಅಥವಾ ಡಾಂಬರಿನ ಮೇಲೆ ಹಾಕಿದ್ದಾರೆ. ಪಕ್ಕಗಳು ಕಚ್ಚಿಕೊಂಡಿದ್ದು ನಡುವೆ ಹರಿದಿದ್ದರೆ ಅಗಲ ಸಾಲಲಿಲ್ಲ ಅಥವಾ ಹಿಂಬದಿಗೆ ಅಂಟಿತ್ತು.

ಶೀಟಿನ ಮೇಲೆ ಶೀಟು: ಬ್ಯೂಟೈಲ್ ಟೇಪು

ಗಾಡಿಯ ಕೆಲಸ ಮುಗಿದ ಮೇಲೂ ಆ ಮನೆಯಲ್ಲಿ ಒಂದು ಕಡೆ ನೀರು ತೊಟ್ಟಿಕ್ಕುತ್ತಿತ್ತು, ಗೋಡೆಯಿಂದ ಆರಡಿ ದೂರ, ಎರಡು ಶೀಟಿನ ಅಡ್ಡ ಸಂದಿಯ ಕೆಳಗೆ. ಗಾಳಿ-ಮಳೆ ಬಂದಾಗ ನೀರು ಸಂದಿಯೊಳಗೆ ಮೇಲ್ಮುಖವಾಗಿಯೂ ಹತ್ತುತ್ತದೆ. ಇಳಿಜಾರು ಕಡಿಮೆ ಇದ್ದಷ್ಟೂ ಹೆಚ್ಚು.

ಇಲ್ಲಿ ಸಿಲಿಕೋನ್ ಹೊರಗಿನಿಂದ ಬಳಿದರೆ ಪ್ರಯೋಜನ ಇಲ್ಲ, ಬೇಕಾಗಿರುವುದು ಸಂದಿಯ ಒಳಗೆ ಒತ್ತಿ ಕೂರುವ ಮಾಲು. ಬ್ಯೂಟೈಲ್ ಎಂದರೆ ಟಯರಿನ ಟ್ಯೂಬಿಗೆ ಬಳಸುವ ರಬ್ಬರಿನ ಜಾತಿ. ಗಾಳಿ, ನೀರಿನ ಆವಿ ಎರಡನ್ನೂ ಬಿಟ್ಟುಕೊಡುವುದು ತೀರಾ ಕಡಿಮೆ. ಟೇಪಿನಲ್ಲಿ ಅದು ಎಂದೂ ಗಟ್ಟಿಯಾಗದೆ ಮೆತ್ತಗೆ ಜಿಗುಟಾಗಿಯೇ ಇರುತ್ತದೆ. ಶೀಟು ಹಿಗ್ಗಿದಾಗ ಹರಿಯದೆ ಜಗ್ಗಿಕೊಂಡು ಮತ್ತೆ ಕೂರುತ್ತದೆ. ಆದರೆ ಅದಕ್ಕೆ ಎರಡು ಕಡೆಯಿಂದ ಒತ್ತಡ ಬೇಕು, ನೆರಳೂ ಬೇಕು.

ಸಂದಿಯ ಸ್ಕ್ರೂಗಳನ್ನು ಬಿಚ್ಚಿ, ಮೇಲಿನ ಶೀಟಿನ ಅಂಚನ್ನು ಮರದ ತುಂಡು ಕೊಟ್ಟು ಎತ್ತಿ ಹಿಡಿಯಿರಿ. ಎರಡೂ ಮೈಯನ್ನು ಮೊದಲು ಒದ್ದೆ ಬಟ್ಟೆಯಲ್ಲಿ, ಒಣಗಿದ ಮೇಲೆ ಥಿನ್ನರ್ ಅಥವಾ ಸ್ಪಿರಿಟ್ ತೋಯಿಸಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗಿ ಉಳಿಯುವ ತನಕ ಒರೆಸಬೇಕು. ತುಕ್ಕಿದ್ದರೆ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಅದು ಒಣಗಿದ ಮೇಲೆ ಮುಂದುವರಿಯಿರಿ. 20 ಮಿಲಿಮೀಟರ್ ಅಗಲ, 2–3 ಮಿಲಿಮೀಟರ್ ದಪ್ಪದ, ಎರಡೂ ಬದಿ ಅಂಟುವ ಬ್ಯೂಟೈಲ್ ಪಟ್ಟಿಯನ್ನು ಸ್ಕ್ರೂ ಬೀಳುವ ಸಾಲಿನ ಮೇಲೇ, ಶೀಟಿನ ಏರು ತಗ್ಗಿನ ಗುಂಟ ಹಾಸಬೇಕು. ಹಾಸುವಾಗ ಎಳೆಯಬಾರದು, ಎಳೆದರೆ ತಗ್ಗಿನಲ್ಲಿ ಮೇಲೆದ್ದು ಸೇತುವೆ ಕಟ್ಟುತ್ತದೆ, ನೀರು ಹರಿಯುವುದೇ ಆ ತಗ್ಗಿನಲ್ಲಿ. ಮೇಲಿನ ಕಾಗದ ಸುಲಿದು ಶೀಟು ಇಳಿಸಿ, ಸ್ಕ್ರೂ ಹೊಡೆಯಿರಿ. ಅಂಚಿನಲ್ಲಿ ಮಾಲು ಒಂದಿಷ್ಟೇ ಇಣುಕಿದರೆ ಒತ್ತಡ ಸರಿಯಾಗಿದೆ.

ಸ್ಕ್ರೂಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತಲೆಯ ಕೆಳಗಿನ ಕರಿ ರಬ್ಬರ್ ವಾಷರ್ ಸೀಳಿದ್ದರೆ ಅದರ ಮೇಲೆ ಏನು ಬಳಿದರೂ ಒಂದು ಮಳೆಗಾಲದ ಮಾತು. ಸ್ಕ್ರೂವನ್ನೇ ಬದಲಿಸಿ. ತೂತು ಸಡಿಲಾಗಿದ್ದರೆ ಒಂದು ಅಳತೆ ದಪ್ಪದ್ದು ಹಾಕಿ. ರಬ್ಬರ್ ಲೋಹದ ಬಿಲ್ಲೆಯ ಅಂಚಿನವರೆಗೆ ಬಂದರೆ ಸಾಕು. ಹೊರಗೆ ಉಬ್ಬಿ ಬರುವಷ್ಟು ಡ್ರಿಲ್ ಒತ್ತಿದರೆ ಎರಡನೇ ಬೇಸಿಗೆಗೆ ಸೀಳುತ್ತದೆ.

ಸಂದಿಯೊಳಗೆ ಮುಚ್ಚಿಕೊಂಡ ಬ್ಯೂಟೈಲ್ 15–20 ವರ್ಷ ಬಾಳುತ್ತದೆ. ಮೇಲೆ ಅಲ್ಯೂಮಿನಿಯಂ ಹಾಳೆ ಇರುವ, ಹೊರಗಿನಿಂದ ಅಂಟಿಸುವ ಬ್ಯೂಟೈಲ್ ಟೇಪಿನದು ಬೇರೆ ಲೆಕ್ಕ, ನಮ್ಮ ಬಿಸಿಲಿಗೆ 5ರಿಂದ 8 ವರ್ಷ. ಹಾಳೆ ಸೂರ್ಯನಿಂದ ಕಾಪಾಡುತ್ತದೆ, ಅಂಚುಗಳು ಮಾತ್ರ ಬಯಲಿಗೇ ಇರುತ್ತವೆ. ಅಂಟಿಸುವಾಗ ಮೂಲೆಗಳನ್ನು ದುಂಡಗೆ ಕತ್ತರಿಸಿ, ಸಣ್ಣ ರೋಲರ್ ಅಥವಾ ಬಾಟಲಿಯ ಬುಡದಿಂದ ಅಂಚುಗಳ ಮೇಲೆ ಒತ್ತಿ ಉರುಳಿಸಿ. ಗಿಲಾವು ಅಥವಾ ಕಾಂಕ್ರೀಟಿನ ಮೇಲೆ ಪ್ರೈಮರ್ ಇಲ್ಲದೆ ಈ ಟೇಪನ್ನು ಅಂಟಿಸಬೇಡಿ. ಅಂಟು ಹಿಡಿಯುವುದು ಸಿಮೆಂಟಿನ ಪುಡಿಯನ್ನು, ಸಿಮೆಂಟನ್ನಲ್ಲ.

ಮಾರುಕಟ್ಟೆಯಲ್ಲಿ ಒಂದು ಮೋಸ ಇದೆ. ಬೆಳ್ಳಿ ಹಾಳೆಯ ಕೆಳಗೆ ಬ್ಯೂಟೈಲ್ ಬದಲು ಡಾಂಬರಿನ ಪದರ ಇರುವ ಟೇಪೂ ಅದೇ ಥರದ ಪೆಟ್ಟಿಗೆಯಲ್ಲಿ, ಅರ್ಧ ದರಕ್ಕೆ ಬರುತ್ತದೆ. ಮೂಗಿಗೆ ಹಿಡಿದರೆ ರಸ್ತೆ ಕೆಲಸದ ವಾಸನೆ. ಅನುಮಾನ ಇದ್ದರೆ ಒಂದು ಗೇಣು ತುಂಡನ್ನು ಮಧ್ಯಾಹ್ನದ ತಗಡಿನ ಮೇಲೆ ಅಂಟಿಸಿ ಸಂಜೆಗೆ ನೋಡಿ. ಹಾಳೆಯ ಅಂಚಿನಿಂದ ಕಪ್ಪು ರಸ ಹೊರಗೆ ಹರಿದು ಬೆರಳಿಗೆ ಹತ್ತಿದರೆ ಅದು ಡಾಂಬರು. ತಗಡಿನ ಮೇಲೆ ಅದಕ್ಕೆ ಕೆಲಸವಿಲ್ಲ.

ಹಳೆಯ ಸಿಮೆಂಟ್ ಶೀಟಿನ ಮನೆಯಾದರೆ ಒಂದು ಎಚ್ಚರಿಕೆ: ಅದರಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಒಣಗಿದ್ದಾಗ ಉಜ್ಜುವುದು, ಕೊರೆಯುವುದು ಬೇಡ, ನೀರು ಚಿಮುಕಿಸಿ ತೇವ ಮಾಡಿಯೇ ಒರೆಸಿ. ಮೇಲೆ ಓಡಾಡಬೇಕಾದರೆ ಹಲಗೆ ಹಾಸಿಕೊಳ್ಳಿ, ಶೀಟು ಕಾಲಿನ ಭಾರಕ್ಕೆ ಒಡೆಯುತ್ತದೆ.

ಕುಂಬಿಯ ಬುಡಕ್ಕೆ ಡಾಂಬರು, ಆದರೆ ರಸ್ತೆಯದಲ್ಲ

ಡಾಂಬರಿಗೆ ಜಾಗವೇ ಇಲ್ಲ ಎಂದು ತಿಳಿಯಬೇಡಿ. ಒರಟು ಕಾಂಕ್ರೀಟಿಗೆ ಅದರಷ್ಟು ಅಗ್ಗವಾಗಿ ಅಷ್ಟು ಗಟ್ಟಿಯಾಗಿ ಹಿಡಿಯುವ ಮಾಲು ಈ ಮೂರರಲ್ಲಿ ಬೇರೆ ಇಲ್ಲ. ಸ್ಲ್ಯಾಬು ಮತ್ತು ಕುಂಬಿ ಕೂಡುವ ಬುಡ ಅದರ ಸರಿಯಾದ ಜಾಗ.

ರಸ್ತೆ ಕೆಲಸದವರ ಹತ್ತಿರ ಒಂದು ಡಬ್ಬಿ ಡಾಂಬರು ತಂದು ಕಾಯಿಸಿ ಸುರಿಯುವ ರೂಢಿ ನಮ್ಮಲ್ಲಿದೆ. ರಸ್ತೆಗೆ ಹೆಚ್ಚಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರು ಮೆತ್ತಗಾಗುವ ಅಂಕಿ, ಭಾರತೀಯ ಮಾನಕದ ಪ್ರಕಾರ, ಕನಿಷ್ಠ 47 ಡಿಗ್ರಿ. ಕಪ್ಪು ಮೈಯ ಮಾಳಿಗೆ ಮೇ ತಿಂಗಳಲ್ಲಿ 65 ದಾಟುತ್ತದೆ. ಅದು ಕುಂಬಿಯಿಂದ ಇಳಿದು ನೀರು ಹೋಗುವ ಕೊಳವೆಯ ಬಾಯಿಗೆ ಬಂದು ಕೂರುವುದು ಇದೇ ಕಾರಣಕ್ಕೆ. ಮಾಳಿಗೆಗೆ ಬೇಕಾದದ್ದು ಗಾಳಿ ಊದಿ ಗಟ್ಟಿಗೊಳಿಸಿದ 85/25 ದರ್ಜೆ. ಹೆಸರಿನ ಮೊದಲ ಅಂಕಿಯೇ ಅದು ಮೆತ್ತಗಾಗುವ ಉಷ್ಣತೆ. ಅದಕ್ಕಿಂತ ಒಳ್ಳೆಯದು ಪಾಲಿಮರ್ ಬೆರೆಸಿದ 3 ಮಿಲಿಮೀಟರಿನ ಡಾಂಬರು ಹಾಳೆ. ಗ್ಯಾಸ್ ಬೆಂಕಿಯಲ್ಲಿ ಅಂಟಿಸುವ ಜಾತಿಯನ್ನು ಕೆಲಸ ಗೊತ್ತಿರುವವರಿಗೇ ಬಿಡಿ, ತಾನಾಗಿ ಅಂಟುವುದನ್ನು ನೀವೇ ಹಾಕಬಹುದು.

ಹಾಕುವ ಮುನ್ನ ಸ್ಲ್ಯಾಬು ನಿಜಕ್ಕೂ ಒಣಗಿದೆಯೇ ನೋಡಬೇಕು. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಸಂಜೆಯಿಂದ ಮರುದಿನ ಬೆಳಗಿನವರೆಗೆ ಬಿಡಿ. ಒಳಗೆ ಹನಿ ಕಟ್ಟಿದ್ದರೆ ಇನ್ನೂ ತೇವ ಇದೆ. ಆಗಲೇ ಡಾಂಬರು ಹಾಕಿದರೆ ಬೇಸಿಗೆಯಲ್ಲಿ ಒಳಗಿನ ನೀರು ಆವಿಯಾಗಿ ಹಪ್ಪಳದಂತೆ ಉಬ್ಬಿಸುತ್ತದೆ.

ಬುಡದ ಸಡಿಲ ಗಿಲಾವು ಕೆಡವಿ, ಮೂಲೆ ದುಂಡಗಾಗುವಂತೆ ಸಿಮೆಂಟಿನ ಗೋಲಾ ಕಟ್ಟಿ. ನೇರ ಮೂಲೆಯಲ್ಲಿ ಮಡಚಿದ ಹಾಳೆ ಅಲ್ಲೇ ಸೀಳುತ್ತದೆ, ಗೋಲಾ ಇದ್ದರೆ ಬಾಗುತ್ತದೆ. ಗೋಲಾ ಒಣಗಿದ ಮೇಲೆ ತೆಳುವಾದ ಡಾಂಬರು ಪ್ರೈಮರ್ ಬಳಿದು, ಬೆರಳಿಗೆ ಹತ್ತದ ಹಾಗಾದಾಗ ಹಾಳೆ ಅಂಟಿಸಿ: ಸ್ಲ್ಯಾಬಿನ ಮೇಲೆ ಆರಿಂಚು, ಕುಂಬಿಯ ಮೇಲೆ ಆರಿಂಚು. ಹಾಳೆಯ ಮೇಲೆ ಹಾಳೆ ಬರುವಲ್ಲಿ ನಾಲ್ಕಿಂಚು. ಮೇಲಂಚನ್ನು ಕುಂಬಿಯಲ್ಲಿ ಸಣ್ಣ ಗಾಡಿ ಕೊರೆದು ಒಳಗೆ ತಿರುಗಿಸಿ ಗಿಲಾವಿನಿಂದ ಮುಚ್ಚಿ. ಅಂಚು ಹೊರಗೇ ಇದ್ದರೆ ಕುಂಬಿಯಿಂದ ಇಳಿಯುವ ನೀರು ಹಾಳೆಯ ಹಿಂದೆ ಹೋಗುತ್ತದೆ. ಕೊನೆಗೆ ಅಲ್ಯೂಮಿನಿಯಂ ಪೇಂಟ್ ಎರಡು ಕೈ ಹೊಡೆಯಿರಿ.

ಈ ಪೇಂಟು ಅಂದಕ್ಕಲ್ಲ. ಡಾಂಬರಿನ ಶತ್ರು ಬಿಸಿಲೇ. ಎಣ್ಣೆಯ ಅಂಶ ಆರಿ ಮೇಲ್ಮೈ ಮೊಸಳೆ ಚರ್ಮದ ಹಾಗೆ ಚೌಕ ಚೌಕ ಬಿರಿಯುತ್ತದೆ. ಡಬ್ಬಿಯಲ್ಲಿ ಸಿಗುವ ಡಾಂಬರಿನ ಮಾಸ್ಟಿಕ್ ಮಾತ್ರ ಬಳಿದು ಬಯಲಿಗೆ ಬಿಟ್ಟರೆ ಇಲ್ಲಿ 2–3 ವರ್ಷ. ಹಾಳೆ ಹಾಕಿ, ಎರಡು ಮೂರು ವರ್ಷಕ್ಕೊಮ್ಮೆ ಪೇಂಟು ಹೊಡೆಯುತ್ತಾ ಬಂದರೆ 8–10 ವರ್ಷ ಸಿಗುತ್ತದೆ. ಕಲ್ಲು ಹಾಸಿ ಸುಣ್ಣದ ಗಾರೆ ತುಂಬಿದ ಹಳೆ ಮಾಳಿಗೆಗೆ ಮಾತ್ರ ಡಾಂಬರು ಬಳಿಯಬೇಡಿ. ಒಳಗಿನ ತೇವಕ್ಕೆ ಹೊರಹೋಗಲು ದಾರಿ ಇಲ್ಲದೆ ಗಾರೆ ಪುಡಿಯಾಗುತ್ತದೆ. ಅಲ್ಲಿ ಸುಣ್ಣದ ಗಾರೆಯಿಂದಲೇ ಸಂದಿ ತುಂಬಬೇಕು.

ನೀರು ಬಿಟ್ಟು ನೋಡುವುದು

ಸಿಲಿಕೋನ್ ಹಾಕಿ ವಾರ ಕಳೆದ ಮೇಲೆ ಪೈಪು ಹಿಡಿಯಿರಿ. ಮೇಲಿನಿಂದ ಶುರು ಮಾಡಿದರೆ ಎಲ್ಲಿಂದ ಒಳಗೆ ಬಂತು ಎಂಬುದೇ ಗೊತ್ತಾಗುವುದಿಲ್ಲ. ಮೊದಲು ಶೀಟಿನ ಕೆಳಗಿನ ಸಂದಿ, ಹತ್ತು ನಿಮಿಷ. ಆಮೇಲೆ ಅದರ ಮೇಲಿನದು. ಆಮೇಲೆ ಫ್ಲ್ಯಾಶಿಂಗ್, ಕೊನೆಗೆ ಕುಂಬಿಯ ಬುಡ. ಕೆಳಗೆ ಒಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಸಿಂಧನೂರಿನ ಮನೆಯಲ್ಲಿ ಫ್ಲ್ಯಾಶಿಂಗಿಗೆ ನೀರು ಬಿಟ್ಟಾಗ ಏನೂ ಬರಲಿಲ್ಲ, ಕುಂಬಿಗೆ ಬಿಟ್ಟಾಗ ಗೋಡೆಯ ಒಂದು ಮೂಲೆ ತೇವವಾಯಿತು. ಕುಂಬಿಯ ಮೇಲ್ತಲೆಯ ಬಿರುಕಿನಿಂದ ನೀರು ಹಾಳೆಯ ಹಿಂದೆ ಇಳಿಯುತ್ತಿತ್ತು. ಬುಡಕ್ಕೆ ಮಾಡಿದ್ದೆಲ್ಲ ಸರಿಯೇ ಇತ್ತು. ಆ ಬಿರುಕನ್ನು ಇಂಗ್ಲಿಷಿನ ವಿ ಅಕ್ಷರದಂತೆ ತೆರೆದು, ಊದಿ, ನ್ಯೂಟ್ರಲ್ ಸಿಲಿಕೋನ್ ತುಂಬಿದೆವು. ಎರಡನೇ ಟ್ಯೂಬು ಅಲ್ಲಿ ಖರ್ಚಾಯಿತು.